ಅಮ್ಮನ ಒಂದು ಕಣ್ಣು ಕೆಂಪಾಗಿ ನೋಯುತ್ತಿದೆ, ಮದ್ರಾಸ್ ಐ ಇರಬಹುದಾ?

ಪ್ರಶ್ನೆ ಕೇಳಿದವರು: ಅಮ್ಮನಿಗೆ 61 ವರ್ಷ. ಸಂಜೆಯಿಂದ ಬಲಗಣ್ಣು ಕೆಂಪಾಗಿದೆ, ವಿಪರೀತ ನೋವು, ಅದೇ ಕಡೆ ತಲೆನೋವು. ಎಲ್ಲ ಮಂಜುಮಂಜು, ಬಲ್ಬಿನ ಸುತ್ತ ಬಣ್ಣಬಣ್ಣದ ಬಳೆ ಕಾಣುತ್ತದೆ ಅಂತಾರೆ. ಎರಡು ಸಲ ವಾಂತಿಯೂ ಆಯಿತು. ಪಕ್ಕದ ಮನೆ ಮಕ್ಕಳಿಗೆ ಮದ್ರಾಸ್ ಐ ಇತ್ತು. ಡ್ರಾಪ್ಸ್ ಹಾಕಿ ಬೆಳಿಗ್ಗೆ ತೋರಿಸಿದರೆ ಸಾಕಾ? ನಾವಿರೋದು ತರೀಕೆರೆ ಹತ್ತಿರ.

ಮೆಡಿಕಲ್ ಶಾಪ್ ನಡೆಸುವ ಸದಸ್ಯರು: ಪಕ್ಕದಲ್ಲೇ ಇತ್ತು ಅಂದ್ರೆ ಅದೇ ಇರುತ್ತೆ ಸರ್. ಮೊದಲು ಒಂದು ಕಣ್ಣಿಗೆ ಬಂದು, ಒಂದೆರಡು ದಿನದಲ್ಲಿ ಇನ್ನೊಂದಕ್ಕೂ ಬರುತ್ತೆ. ಆಂಟಿಬಯಾಟಿಕ್ ಡ್ರಾಪ್ಸ್ ಹಾಕಿ, ಟವೆಲ್ ಬೇರೆ ಇಡಿ. ವಾಂತಿ ಬಹುಶಃ ಊಟದ್ದು, ಅದಕ್ಕೊಂದು ಮಾತ್ರೆ ಕೊಡಿ.

ಕಣ್ಣಿನ ಡಾಕ್ಟರ್: ಬೆಳಿಗ್ಗೆವರೆಗೆ ಕಾಯಬೇಡಿ. ಈಗಲೇ ಗಾಡಿ ಮಾಡಿಕೊಂಡು ಹೊರಡಿ. ಶಿವಮೊಗ್ಗವೋ ಚಿಕ್ಕಮಗಳೂರೋ, ರಾತ್ರಿ ಕಣ್ಣಿನ ಡಾಕ್ಟರ್ ಸಿಗುವ ಆಸ್ಪತ್ರೆ ಯಾವುದು ಅಂತ ಫೋನ್ ಮಾಡಿ ಕೇಳಿ. ಕಣ್ಣಿನೊಳಗೆ ಒತ್ತಡ ಏಕಾಏಕಿ ಏರಿರುವ ಲಕ್ಷಣ ಇದು, ಗ್ಲಾಕೋಮಾದ ಒಂದು ಬಗೆ. ಒತ್ತಡ ಹಾಗೇ ಇದ್ದಷ್ಟು ಹೊತ್ತು ಕಣ್ಣಿನ ನರ ಸಾಯುತ್ತಾ ಹೋಗುತ್ತದೆ. ಸತ್ತ ನರ ಮತ್ತೆ ಬರುವುದಿಲ್ಲ.

ಹೊರಡುವ ಮುಂಚೆ ಮೂರು ವಿಷಯ ನೋಡಿ, ಎರಡು ನಿಮಿಷ ಸಾಕು. ಕಣ್ಣು ಮಿಟುಕಿಸಿದರೆ ಅಥವಾ ತಣ್ಣೀರಲ್ಲಿ ತೊಳೆದರೆ ಮಂಜು ಹೋಗುತ್ತದಾ? ಪಿಸರು ಕಟ್ಟಿದೆಯಾ? ಟಾರ್ಚ್ ಬಿಟ್ಟರೆ ಎರಡೂ ಕಣ್ಣಿನ ಪಾಪೆ ಒಂದೇ ಸಮ ಸಣ್ಣದಾಗುತ್ತದಾ? ಉತ್ತರ ಏನೇ ಬಂದರೂ ಹೊರಡಿ. ಅಲ್ಲಿ ಹೇಳಲು ಬೇಕಾಗುತ್ತದೆ.

ದಾರಿಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಬೇಡಿ. ಕತ್ತಲಲ್ಲಿ ಪಾಪೆ ಇನ್ನೂ ಅಗಲವಾಗುತ್ತದೆ. ಅಂಗಾತ ಮಲಗಿಸಬಹುದು, ವಾಂತಿ ಬಂದರೆ ಮಾತ್ರ ಪಕ್ಕಕ್ಕೆ ತಿರುಗಿಸಿ. ಹೊಟ್ಟೆ ಹಿಡಿತಕ್ಕೆ ಕೊಡುವ ಮಾತ್ರೆ, ಇಂಜೆಕ್ಷನ್ ಯಾವುದೂ ಬೇಡ.

ಪ್ರಶ್ನೆ ಕೇಳಿದವರು: ಮಿಟುಕಿಸಿದರೂ ತೊಳೆದರೂ ಮಂಜು ಹೋಗಲ್ಲ ಮೇಡಂ. ಪಿಸರು ಇಲ್ಲ, ಬರೀ ನೀರು. ಬಲಗಣ್ಣಿನ ಪಾಪೆ ಸ್ವಲ್ಪ ದೊಡ್ಡದಿದೆ, ಟಾರ್ಚ್ ಬಿಟ್ಟರೂ ಅಲುಗಾಡಲಿಲ್ಲ. ಹೊರಟೆವು.

ಇನ್ನೊಬ್ಬ ಸದಸ್ಯೆ: ನಮ್ಮ ತಂದೆಗೆ 8 ವರ್ಷದಿಂದ ಗ್ಲಾಕೋಮಾ ಇದೆ. ಒಂದು ದಿನವೂ ನೋವು ಬಂದಿಲ್ಲ, ಕೆಂಪೂ ಆಗಿಲ್ಲ. ಹಾಗಾಗಿ ಇದು ಗ್ಲಾಕೋಮಾ ಅಲ್ಲ ಅನ್ಸುತ್ತೆ. ನನಗೂ ಒಮ್ಮೆ ಹೀಗೆ ಒಂದೇ ಕಡೆ ತಲೆನೋವು, ವಾಂತಿ ಬಂದಿತ್ತು, ಮೈಗ್ರೇನ್ ಅಂದ್ರು.

ಕಣ್ಣಿನ ಡಾಕ್ಟರ್: ನಿಮ್ಮ ತಂದೆಯದು ಇನ್ನೊಂದು ಬಗೆ ಇರಬೇಕು ಅಮ್ಮಾ. ಅದರಲ್ಲಿ ಒತ್ತಡ ನಿಧಾನವಾಗಿ ಏರುತ್ತದೆ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಇಲ್ಲಿ ಹಾಗಲ್ಲ. ಕಣ್ಣಿನೊಳಗೆ ದಿನವಿಡೀ ನೀರು ಹುಟ್ಟುತ್ತಿರುತ್ತದೆ, ಬಣ್ಣದ ಪರದೆಯ ಅಂಚಿನಲ್ಲಿರುವ ಸಂದಿಯಿಂದ ಹೊರಗೆ ಹೋಗುತ್ತಿರುತ್ತದೆ. ವಯಸ್ಸಾದಂತೆ ಒಳಗಿನ ಲೆನ್ಸ್ ದಪ್ಪವಾಗಿ ಆ ಪರದೆಯನ್ನು ಮುಂದಕ್ಕೆ ತಳ್ಳುತ್ತದೆ. ಪಾಪೆ ಅರ್ಧ ಅಗಲವಾದ ಹೊತ್ತಿನಲ್ಲಿ ಪರದೆ ಹೋಗಿ ಸಂದಿಯನ್ನು ಮುಚ್ಚಿಬಿಡುತ್ತದೆ. ಬಚ್ಚಲ ತೂಬಿಗೆ ಬಟ್ಟೆ ಸಿಕ್ಕಿಕೊಂಡ ಹಾಗೆ, ನೀರು ಬರುತ್ತಲೇ ಇರುತ್ತದೆ, ಹೋಗಲು ದಾರಿ ಇಲ್ಲ. ಸಾಮಾನ್ಯವಾಗಿ 10ರಿಂದ 21ರೊಳಗೆ ಇರುವ ಒತ್ತಡ ಕೆಲವೇ ಗಂಟೆಗಳಲ್ಲಿ 50 ದಾಟಬಹುದು. ಆಗ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ನೀರು ಕುಡಿದು ಊದುತ್ತದೆ. ಬಣ್ಣದ ಬಳೆ ಕಾಣುವುದು ಅದರಿಂದ.

ಮೆಡಿಕಲ್ ಶಾಪ್‌ನವರು ಹೇಳಿದ್ದರಲ್ಲಿ ಒಂದು ಮಾತು ಸರಿ, ಮದ್ರಾಸ್ ಐ ಒಂದೇ ಕಣ್ಣಲ್ಲಿ ಶುರುವಾಗಬಹುದು. ಆದರೆ ಅದರಲ್ಲಿ ಮರಳು ಬಿದ್ದಂತೆ ಚುಚ್ಚುತ್ತದೆ, ಬೆಳಿಗ್ಗೆ ರೆಪ್ಪೆ ಅಂಟಿರುತ್ತದೆ. ಪಿಸರಿನಿಂದ ದೀಪ ಹರಡಿದಂತೆ ಕಂಡರೂ ಒರೆಸಿದರೆ ಸರಿಹೋಗುತ್ತದೆ. ಪಾಪೆ ಎರಡೂ ಕಡೆ ಸಮ ಇರುತ್ತದೆ. ವಾಂತಿ ಬರಿಸುವಷ್ಟು ನೋವು ಇರುವುದಿಲ್ಲ. ಈ ವಾಂತಿಯೇ ಎಷ್ಟೋ ಮನೆಯವರನ್ನು ದಾರಿ ತಪ್ಪಿಸುತ್ತದೆ. ಗ್ಯಾಸ್ಟ್ರಿಕ್ ಅಂದುಕೊಂಡು ಹೊಟ್ಟೆಗೆ ತೋರಿಸುತ್ತಾರೆ. ಅಲ್ಲಿ ಹೊಟ್ಟೆ ಹಿಡಿತದ ಇಂಜೆಕ್ಷನ್ ಕೊಟ್ಟರೆ ಪಾಪೆ ಇನ್ನೂ ಅಗಲವಾಗಿ ಕಣ್ಣಿನ ಕಥೆ ಕೆಡುತ್ತದೆ.

ಮೆಡಿಕಲ್ ಶಾಪ್ ನಡೆಸುವ ಸದಸ್ಯರು: ಹಾಗಾದ್ರೆ ಕೆಂಪು ಬೇಗ ಇಳಿಸೋ ಸ್ಟಿರಾಯ್ಡ್ ಡ್ರಾಪ್ಸ್ ಕೊಟ್ಟರೆ ತಾತ್ಕಾಲಿಕವಾಗಿ ಸಹಾಯ ಆಗಲ್ವಾ ಮೇಡಂ?

ಕಣ್ಣಿನ ಡಾಕ್ಟರ್: ಚೀಟಿ ಇಲ್ಲದೆ ದಯವಿಟ್ಟು ಕೊಡಬೇಡಿ. ಒತ್ತಡ ಇಳಿಸುವ ಔಷಧದ ಜೊತೆಗೆ ನಾವೂ ಸ್ಟಿರಾಯ್ಡ್ ಹಾಕುತ್ತೇವೆ, ಅದು ಕಣ್ಣು ನೋಡಿದ ಮೇಲೆ. ಸುಮ್ನೆ ಅದೊಂದನ್ನೇ ಹಾಕಿದರೆ ಸಂದಿ ತೆರೆಯುವುದಿಲ್ಲ. ಕಾರ್ನಿಯಾದಲ್ಲಿ ಹರ್ಪಿಸ್ ಹುಣ್ಣಿದ್ದರೆ ಅದು ಕೆರಳುತ್ತದೆ. ನಿಮ್ಮ ಕೌಂಟರಿಗೆ ಕೆಂಪು ಕಣ್ಣಿನವರು ದಿನಾ ಬರುತ್ತಾರೆ. ನೋಟ ಮಂಜಾಗಿದೆಯಾ, ಒಳಗಿನಿಂದ ನೋವಾ, ಅಂತ ಕೇಳಿ. ಒಂದಕ್ಕೆ ಹೌದು ಅಂದರೂ ಕಣ್ಣಿನ ಡಾಕ್ಟರ್ ಹತ್ತಿರ ಕಳಿಸಿ.

ಪ್ರಶ್ನೆ ಕೇಳಿದವರು (ಮರುದಿನ ಸಂಜೆ): ಮೇಡಂ, ಬಲಗಣ್ಣಿನ ಒತ್ತಡ 54 ಇತ್ತು, ಎಡಗಣ್ಣಿನದು 17. ಅಸೆಟಜೋಲಮೈಡ್ ಮಾತ್ರೆ 500 ಮಿಲಿಗ್ರಾಂ ಕೊಟ್ಟರು, ಸಲ್ಫಾ ಅಲರ್ಜಿ, ಕಿಡ್ನಿ ತೊಂದರೆ ಇದೆಯಾ ಅಂತ ಮೊದಲು ಕೇಳಿದರು. ಅದನ್ನೂ ವಾಂತಿ ಮಾಡಿಕೊಂಡರು. ಆಮೇಲೆ ಮ್ಯಾನಿಟಾಲ್ ಡ್ರಿಪ್ ಹಾಕಿದರು, ಟಿಮೊಲಾಲ್ ಡ್ರಾಪ್ಸ್ ಹಾಕಿದರು. ಬೆಳಗಿನ ಜಾವ 26ಕ್ಕೆ ಇಳಿಯಿತು, ನೋವು ಹೋಯಿತು. ಈಗ ಲೇಸರ್ ಮಾಡಬೇಕು, ಎಡಗಣ್ಣಿಗೂ ಮಾಡಬೇಕು ಅಂತಾರೆ. ಚೆನ್ನಾಗಿರುವ ಕಣ್ಣಿಗೆ ಯಾಕೆ? ಇನ್ನೊಂದು ವಿಷಯ. ಒಂದು ತಿಂಗಳಿಂದ ಸಂಜೆ ಟಿವಿ ನೋಡುವಾಗ ಬೀದಿ ದೀಪದ ಸುತ್ತ ಬಳೆ ಕಾಣ್ತಿತ್ತಂತೆ, ನಿದ್ದೆ ಮಾಡಿದರೆ ಹೋಗ್ತಿತ್ತಂತೆ. ನೆಗಡಿಗೆ ಮೂರು ದಿನದಿಂದ ಮಾತ್ರೆ ತಗೊಳ್ತಿದ್ರು. ಅದರಿಂದ ಬಂತಾ?

ಕಣ್ಣಿನ ಡಾಕ್ಟರ್: ಒಳ್ಳೆಯ ಸುದ್ದಿ. ಆ ಸಂಜೆಯ ಬಳೆಗಳು ಸಣ್ಣ ಸಣ್ಣ ಅಟ್ಯಾಕ್ ಆಗಿರಬಹುದು. ನಿದ್ದೆಯಲ್ಲಿ ಪಾಪೆ ಸಣ್ಣದಾಗಿ ಸಂದಿ ತೆರೆದುಕೊಳ್ಳುತ್ತದೆ, ಅದಕ್ಕೇ ಹೋಗುತ್ತಿತ್ತು. ಎಷ್ಟೋ ನೆಗಡಿ ಮಾತ್ರೆಗಳಲ್ಲಿ ಪಾಪೆ ಅಗಲಿಸುವ ಔಷಧ ಇರುತ್ತದೆ. ಅದೇ ಕಾರಣ ಅಂತ ಖಚಿತವಾಗಿ ಹೇಳಲಾಗದು, ಕಿರಿದಾದ ಸಂದಿ ಮೊದಲೇ ಇತ್ತು. ಅಮ್ಮ ದೂರ ನೋಡಲು ಪ್ಲಸ್ ಕನ್ನಡಕ ಹಾಕುತ್ತಾರಾ? ಅಂಥ ಕಣ್ಣು ಚಿಕ್ಕದಿರುತ್ತದೆ, ಸಂದಿ ಇನ್ನೂ ಇಕ್ಕಟ್ಟು.

ಲೇಸರ್‌ನಿಂದ ಬಣ್ಣದ ಪರದೆಯಲ್ಲಿ ಸೂಜಿಮೊನೆಯಷ್ಟು ತೂತು ಮಾಡುತ್ತಾರೆ. ಪರದೆಯ ಹಿಂದೆ ಸಿಕ್ಕಿಕೊಂಡ ನೀರು ಅಲ್ಲಿಂದ ಮುಂದೆ ಬಂದು, ಪರದೆ ಹಿಂದಕ್ಕೆ ಸರಿಯುತ್ತದೆ. ಎರಡೂ ಕಣ್ಣಿನ ಕಟ್ಟೋಣ ಒಂದೇ ತರಹ. ಹಾಗೇ ಬಿಟ್ಟರೆ ಐದು ವರ್ಷದೊಳಗೆ ಎಡಗಣ್ಣಿಗೂ ಅಟ್ಯಾಕ್ ಬರುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಮಾಡಿಸಿ, ಮುಂದೂಡಬೇಡಿ.

ಪ್ರಶ್ನೆ ಕೇಳಿದವರು: ಹೌದು, ಪ್ಲಸ್ ಕನ್ನಡಕವೇ. ನೋಟ ಪೂರ್ತಿ ಬರುತ್ತಾ? ಪೊರೆ ಆಪರೇಷನ್ ಈಗಲೇ ಮಾಡಿಸಿದರೆ ಒಳ್ಳೆಯದು ಅಂತ ಒಬ್ಬರು ಅಂದರು.

ಕಣ್ಣಿನ ಡಾಕ್ಟರ್: ನೋಟದ ಲೆಕ್ಕ ಈಗ ಸಿಗುವುದಿಲ್ಲ. ಕಾರ್ನಿಯಾ ತಿಳಿಯಾದ ಮೇಲೆ ನರ ನೋಡಿ, ಸುತ್ತಲಿನ ನೋಟ ಎಷ್ಟು ಉಳಿದಿದೆ ಅಂತ ಅಳೆಯುವ ಫೀಲ್ಡ್ ಟೆಸ್ಟ್ ಮಾಡಿ ಹೇಳಬೇಕು. ದಪ್ಪಗಾದ ಲೆನ್ಸ್ ತೆಗೆದರೆ ಸಂದಿ ಚೆನ್ನಾಗಿ ತೆರೆಯುತ್ತದೆ ಅನ್ನುವುದು ನಿಜ. ಯಾವಾಗ ಅನ್ನುವುದರಲ್ಲಿ ಡಾಕ್ಟರುಗಳ ಅಭಿಪ್ರಾಯ ಒಂದೇ ಇಲ್ಲ. ಇನ್ನೂ ಊದಿರುವ ಕಣ್ಣಿನಲ್ಲಿ ಆಪರೇಷನ್ ಕಷ್ಟ, ಹಾಗಾಗಿ ನಾನಾದರೆ ಮೊದಲು ಲೇಸರ್ ಮಾಡಿ ಕಣ್ಣು ತಣ್ಣಗಾಗಲು ಬಿಡುತ್ತೇನೆ.

ಇನ್ನೊಬ್ಬ ಸದಸ್ಯೆ: ಲೇಸರ್ ಆದ ಮೇಲೆ ನೆಗಡಿ ಮಾತ್ರೆ ತಗೋಬಹುದಾ ಮೇಡಂ? ನಮ್ಮ ತಂದೆ ದಿನಾ ತಗೊಳ್ತಾರೆ.

ಕಣ್ಣಿನ ಡಾಕ್ಟರ್: ತಂದೆಯವರಿಗೆ ಸಂದಿ ತೆರೆದೇ ಇದೆ ಅಂತ ಅವರ ಡಾಕ್ಟರ್ ಹೇಳಿದ್ದರೆ ಈ ಭಯ ಇಲ್ಲ, ಒಮ್ಮೆ ಕೇಳಿ. ಈ ಅಮ್ಮನ ವಿಷಯದಲ್ಲಿ, ತೂತು ಮಾಡಿದ ಮೇಲೂ ಕೆಲವರಿಗೆ ಸಂದಿ ಇಕ್ಕಟ್ಟಾಗಿಯೇ ಉಳಿಯುತ್ತದೆ. ಕನ್ನಡಿ ಲೆನ್ಸ್ ಇಟ್ಟು ಸಂದಿ ನೋಡಿಸಿಕೊಳ್ಳುವವರೆಗೆ ನೆಗಡಿ ಮಾತ್ರೆ, ಹೊಟ್ಟೆ ಹಿಡಿತದ ಮಾತ್ರೆ ಬೇಡ. ಮಗನಿಗೂ ಅಮ್ಮನ ಅಕ್ಕತಂಗಿಯರಿಗೂ ಅದೇ ಪರೀಕ್ಷೆ ಒಮ್ಮೆ ಆಗಲಿ. ಇದು ಮನೆತನದಲ್ಲಿ ಹರಿಯುತ್ತದೆ.