ದುಬೈ ಬಿಟ್ಟು ಫೆಬ್ರವರಿಯಲ್ಲಿ ಬಂದೆ, ಅಲ್ಲಿನ ಸಂಬಳಕ್ಕೆ ಇಲ್ಲಿ ತೆರಿಗೆ ಇದೆಯಾ?

ಪೊನ್ನಪ್ಪ, ವಿರಾಜಪೇಟೆ
2022ರ ಅಕ್ಟೋಬರ್‌ನಲ್ಲಿ ದುಬೈಗೆ ಹೋದೆ. ಅದಕ್ಕೂ ಮೊದಲು ಊರಲ್ಲೇ ಇದ್ದೆ. ಕೆಲಸ ಬಿಟ್ಟು 2026ರ ಫೆಬ್ರವರಿ 10ಕ್ಕೆ ಕಣ್ಣೂರಿನಲ್ಲಿ ಇಳಿದೆ, ಇನ್ನು ವಾಪಸ್ ಹೋಗಲ್ಲ. ಏಪ್ರಿಲ್‌ನಿಂದ ಅಲ್ಲಿವರೆಗಿನ ಸಂಬಳ ರೂಪಾಯಿ ಲೆಕ್ಕದಲ್ಲಿ ಸುಮಾರು 20.75 ಲಕ್ಷ. ಇದನ್ನು ಇಲ್ಲಿ ರಿಟರ್ನ್‌ನಲ್ಲಿ ತೋರಿಸಬೇಕಾ?

ಗಣೇಶ್, ಕುಶಾಲನಗರ
ಸುಮ್ನೆ ತಲೆ ಕೆಡಿಸ್ಕೋಬೇಡಿ. ವರ್ಷದಲ್ಲಿ 182 ದಿನ ಇಲ್ಲಿ ಇರದಿದ್ದರೆ ಎನ್‌ಆರ್‌ಐ. ನೀವು ಎರಡು ತಿಂಗಳೂ ಇಲ್ಲ. ಹೊರಗಿನ ಸಂಬಳಕ್ಕೆ ತೆರಿಗೆ ಇಲ್ಲ.

ರಶೀದ್, ಸಿದ್ದಾಪುರ
ಹೌದು. ನಾನು ಕುವೈತ್‌ನಲ್ಲಿ 14 ವರ್ಷ ಇದ್ದು 2024ರ ನವೆಂಬರ್‌ನಲ್ಲಿ ಬಂದೆ. ಒಂದು ಪೈಸೆ ಕಟ್ಟಿಲ್ಲ. ದುಡ್ಡೆಲ್ಲ ಎನ್‌ಆರ್‌ಇ ಖಾತೆಗೆ ಬರುತ್ತಿತ್ತು, ಅದಕ್ಕೇ ತೆರಿಗೆ ಇಲ್ಲ.

ಮುತ್ತಮ್ಮ, ಮಡಿಕೇರಿ
ಗಣೇಶ್ ಅವರೇ, 182 ಅರ್ಧ ಮಾತ್ರ ಸರಿ. ಆ ವರ್ಷ 60 ದಿನ ಇಲ್ಲಿದ್ದು, ಅದರ ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇದ್ದರೂ ನಿವಾಸಿಯೇ. ಹೊರಗೆ ಕೆಲಸದಲ್ಲಿದ್ದು ರಜೆಗೆ ಬಂದು ಹೋಗುವವರಿಗೆ ಈ 60ರ ಬದಲು 182 ಎಂಬ ವಿನಾಯಿತಿ ಇದೆ, ಇಲ್ಲಿನ ಆದಾಯ 15 ಲಕ್ಷ ದಾಟಿದರೆ ಅದು 120. ಆದರೆ ಕೆಲಸ ಬಿಟ್ಟು ಬಂದು ನೆಲೆಸುವವರು ರಜೆಗೆ ಬಂದವರಲ್ಲ. ಅವರಿಗೆ 60 ದಿನವೇ.

ಪೊನ್ನಪ್ಪ, ಹಿಂದಿನ ನಾಲ್ಕು ವರ್ಷ ಅಂದರೆ 2021-22ರಿಂದ. ಆ ಒಂದೇ ವರ್ಷದಲ್ಲಿ ನೀವು ಊರಲ್ಲಿದ್ದ ದಿನಗಳು 365, ಷರತ್ತು ಅಲ್ಲೇ ಮುಗಿಯಿತು. ಉಳಿದಿದ್ದು 60. ಫೆಬ್ರವರಿಯಲ್ಲಿ 19, ಮಾರ್ಚ್‌ನಲ್ಲಿ 31, ಒಟ್ಟು 50. ಹತ್ತು ದಿನ ಬಾಕಿ ಇದೆ. ನಡುವೆ ಎಲ್ಲಾದರೂ ಬಂದಿದ್ರಾ?

ಪೊನ್ನಪ್ಪ
ಪುತ್ತರಿಗೆ ಬಂದಿದ್ದೆ ಅಕ್ಕ. ಡಿಸೆಂಬರ್ 1ಕ್ಕೆ ಬಂದು 14ಕ್ಕೆ ಹೋದೆ.

ಮುತ್ತಮ್ಮ
ಅಲ್ಲೇ ತೊಡಕು. 50ಕ್ಕೆ 14 ಸೇರಿದರೆ 64. ಬಂದ ದಿನವನ್ನು ಬಿಡಬೇಕೆಂಬ ವಾದ ಹಿಡಿದರೂ ಎರಡು ಸಲದ್ದು ಕಳೆದು 62.

ನಿವಾಸಿ ಆದ ಮೇಲೆ ಇನ್ನೊಂದು ಜರಡಿ ಇದೆ. ಹಿಂದಿನ 7 ವರ್ಷಗಳಲ್ಲಿ ಇಲ್ಲಿದ್ದದ್ದು 729 ದಿನಕ್ಕಿಂತ ಜಾಸ್ತಿ ಇಲ್ಲದಿದ್ದರೆ, ಅಥವಾ ಹಿಂದಿನ 10 ವರ್ಷದಲ್ಲಿ 9 ವರ್ಷ ಅನಿವಾಸಿ ಆಗಿದ್ದರೆ, ಹೊರಗೆ ದುಡಿದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ನೀವು 2022ರವರೆಗೆ ಊರಲ್ಲೇ ಇದ್ದವರು, ಎರಡರಲ್ಲೂ ದಾಟಲ್ಲ. ಹಾಗಾಗಿ ಇಡೀ ಸಂಬಳ ಲೆಕ್ಕಕ್ಕೆ ಬರುತ್ತೆ. ಹೊಸ ಪದ್ಧತಿಯಲ್ಲಿ 75,000 ಕಳೆದು 20 ಲಕ್ಷ, ತೆರಿಗೆ 2 ಲಕ್ಷ, ಸೆಸ್ ಸೇರಿ 2,08,000. ಮುಂಗಡ ತೆರಿಗೆ ಕಟ್ಟದ ಬಡ್ಡಿ ಬೇರೆ. ದುಬೈನಲ್ಲಿ ಸಂಬಳಕ್ಕೆ ತೆರಿಗೆ ಇಲ್ಲದ್ದರಿಂದ, ಅಲ್ಲಿ ಕಟ್ಟಿದ್ದು ಅಂತ ಇಲ್ಲಿನ ತೆರಿಗೆಯಲ್ಲಿ ಕಳೆಯಲು ಏನೂ ಇಲ್ಲ.

ರಶೀದ್ ಅಣ್ಣ, ನಿಮ್ಮನ್ನು ಉಳಿಸಿದ್ದು ಖಾತೆ ಅಲ್ಲ, 14 ವರ್ಷ. ವರ್ಷಕ್ಕೊಮ್ಮೆ ತಿಂಗಳು, ಒಂದೂವರೆ ತಿಂಗಳು ಬರುತ್ತಿದ್ದರೆ ನಾಲ್ಕು ವರ್ಷಕ್ಕೆ 365 ಆಗಲ್ಲ. ಪೊನ್ನಪ್ಪ ದುಡ್ಡನ್ನು ದುಬೈ ಬ್ಯಾಂಕಿನಲ್ಲೇ ಬಿಟ್ಟಿದ್ದರೂ ತೆರಿಗೆ ತಪ್ಪಲ್ಲ. ಆ ಖಾತೆಯನ್ನೂ ರಿಟರ್ನ್‌ನ ಶೆಡ್ಯೂಲ್ ಎಫ್‌ಎ ಭಾಗದಲ್ಲಿ ತೋರಿಸಬೇಕು.

ಗಣೇಶ್
ರಜೆಯ ದಿನಗಳನ್ನು ಕೂಡಿಸಲ್ಲ ಅಂತ ಎಲ್ಲೋ ಓದಿದ್ದೆ. ಹಾಗಾದ್ರೆ 50 ಅಷ್ಟೇ ಅಲ್ವಾ?

ಮುತ್ತಮ್ಮ
ಅದೂ ಸುಳ್ಳಲ್ಲ. ಬೆಂಗಳೂರಿನ ಆದಾಯ ತೆರಿಗೆ ನ್ಯಾಯಮಂಡಳಿ ಒಂದು ಪ್ರಕರಣದಲ್ಲಿ, ಪೂರ್ತಿ ವಾಪಸ್ ಬರುವ ಮುಂಚೆ ರಜೆಗೆ ಬಂದ ದಿನಗಳನ್ನು 60ರ ಲೆಕ್ಕದಿಂದ ಹೊರಗಿಟ್ಟಿದೆ. ಆದರೆ ಕಾಯ್ದೆಯಲ್ಲಿ ಹಾಗೆ ನೇರವಾಗಿ ಬರೆದಿಲ್ಲ. ಆ ಧೈರ್ಯದಲ್ಲಿ ಅನಿವಾಸಿ ಎಂದು ಹಾಕಿದರೆ, ನೋಟಿಸ್ ಬಂದಾಗ ವಾದ ಮಾಡಲು ತಯಾರಿರಬೇಕು.

ಪೊನ್ನಪ್ಪ
ಪಾಸ್‌ಪೋರ್ಟ್ ತೆಗೆದು ನೋಡಿದೆ. ಡಿಸೆಂಬರ್ ಮುದ್ರೆ ಮಸುಕಾಗಿದೆ, ತಾರೀಕು 1 ಅಥವಾ 2 ಇರಬಹುದು. ವಿಮಾನ ಮಧ್ಯರಾತ್ರಿ ಆದ ಮೇಲೆ ಇಳಿದಿತ್ತು. ಒಂದೇ ಆದಾಯಕ್ಕೆ ಎರಡೂ ಕಡೆ ತೆರಿಗೆ ಬೀಳದಂತೆ ಭಾರತ, ಯುಎಇ ಮಾಡಿಕೊಂಡ ಒಪ್ಪಂದದ ಮೂಲಕ ದಾರಿ ಇಲ್ವಾ?

ಮುತ್ತಮ್ಮ
ಬೋರ್ಡಿಂಗ್ ಪಾಸ್ ಇದ್ದರೆ ಎತ್ತಿಡಿ. ಆದರೆ 1 ಆದರೂ 2 ಆದರೂ ನಿಮ್ಮ ಲೆಕ್ಕ 60 ದಾಟುತ್ತೆ.

ಒಪ್ಪಂದದಲ್ಲಿ ದಾರಿ ಇದೆ, ಸಲೀಸಲ್ಲ. ಒಂದು ಕ್ಯಾಲೆಂಡರ್ ವರ್ಷದಲ್ಲಿ ಕನಿಷ್ಠ 183 ದಿನ ಅಲ್ಲಿದ್ದವರು ಅಲ್ಲಿನ ನಿವಾಸಿ. 2025ಕ್ಕೆ ನೀವು ಸಲ್ಲುತ್ತೀರಿ, ಅಲ್ಲಿನ ಫೆಡರಲ್ ತೆರಿಗೆ ಪ್ರಾಧಿಕಾರದಿಂದ ನಿವಾಸ ಪ್ರಮಾಣಪತ್ರ ಬೇಕು. 2026ರಲ್ಲಿ ನೀವು ಅಲ್ಲಿದ್ದದ್ದು ನಲವತ್ತು ದಿನ, ಹಾಗಾಗಿ ಜನವರಿ, ಫೆಬ್ರವರಿ ಸಂಬಳಕ್ಕೆ ಅದು ಸಿಗಲ್ಲ. ಎರಡೂ ಕಡೆ ನಿವಾಸಿ ಎಂದಾಗ ಶಾಶ್ವತ ಮನೆ ಎಲ್ಲಿ, ಸಂಸಾರ ಎಲ್ಲಿ ಎಂದು ನೋಡುತ್ತಾರೆ. ಹೆಂಡತಿ, ಮಕ್ಕಳು ದುಬೈನಲ್ಲಿದ್ರಾ, ಇಲ್ಲಾ ವಿರಾಜಪೇಟೆಯಲ್ಲಾ?

ಪೊನ್ನಪ್ಪ
ವಿರಾಜಪೇಟೆಯಲ್ಲೇ. ತೋಟ ನೋಡ್ಕೊಳ್ಳೋದು ಅವಳೇ. ಆ ತೋಟದ ಕಾಫಿ ಹಣವೂ ಇದಕ್ಕೆ ಸೇರುತ್ತಾ?

ಮುತ್ತಮ್ಮ
ಸಂಸಾರ ಇಲ್ಲೇ ಇದ್ದರೆ ಒಪ್ಪಂದದ ವಾದ ದುರ್ಬಲ. ನನ್ನ ಮಟ್ಟಿಗೆ ಅದಕ್ಕಿಂತ ನ್ಯಾಯಮಂಡಳಿಯ ದಾರಿ ವಾಸಿ. ಕಾಫಿ ಬೇರೆ ವಿಷಯ: ಕ್ಯೂರಿಂಗ್ ಮಾಡದೆ ಚೆರ್ರಿ ಅಥವಾ ಪಾರ್ಚ್‌ಮೆಂಟ್ ಆಗೇ ಮಾರಿದರೆ ಕೃಷಿ ಆದಾಯ. ನೀವೇ ಕ್ಯೂರಿಂಗ್ ಮಾಡಿಸಿ ಮಾರಿದರೆ ನಾಲ್ಕನೇ ಒಂದು ಭಾಗಕ್ಕೆ ತೆರಿಗೆ.

ರಶೀದ್
ನನ್ನ ತಮ್ಮ ಮುಂದಿನ ಜನವರಿಯಲ್ಲಿ ಶಾರ್ಜಾ ಬಿಟ್ಟು ಬರುತ್ತಿದ್ದಾನೆ, ಹೋಗಿ ಮೂರೇ ವರ್ಷ. ಫೆಬ್ರವರಿಗೆ ಮುಂದೂಡಲು ಹೇಳಲೇ?

ಮುತ್ತಮ್ಮ
ವರ್ಷದ ನಡುವೆ ಒಮ್ಮೆಯೂ ಬರದಿದ್ದರೆ ಫೆಬ್ರವರಿ 1ರಿಂದ ಮಾರ್ಚ್ 31ಕ್ಕೆ 59 ದಿನ. ಮದುವೆಗೆ ಎರಡು ದಿನ ಬಂದು ಹೋಗಿದ್ದರೂ 61. ಟಿಕೆಟ್ ಮಾಡುವ ಮುಂಚೆ ಏಪ್ರಿಲ್‌ನಿಂದ ಬಂದ ತಾರೀಕುಗಳನ್ನೆಲ್ಲ ಕೇಳಿ ಬರೆದಿಟ್ಟುಕೊಳ್ಳಿ.