ಹಳೆಯ ಹಾಡಿಗೆ ಹೆದರಬೇಡಿ, ನಿನ್ನೆಯ ಸುದ್ದಿ ಕೇಳಿ ನೋಡಿ

ರೂಪಾ: "ಅತ್ತೆ, ಅಪ್ಪನಿಗೆ ಈಗ 69. ದಿನವಿಡೀ ಮೊಬೈಲಿನಲ್ಲಿ ಎಪ್ಪತ್ತರ ದಶಕದ ಅವೇ ಹಾಡುಗಳು, ಬಾಯಲ್ಲಿ ಅವೇ ಹಾಸ್ಟೆಲ್ ಕಥೆಗಳು. ಮೊನ್ನೆ ಕನ್ನಡಕ ಎಲ್ಲಿಟ್ಟೆ ಎಂದು ಮನೆಯೆಲ್ಲ ಹುಡುಕಿದರು. ದೊಡ್ಡತ್ತೆಗೆ ಬಂದ ಮರೆವಿನ ಕಾಯಿಲೆಯೇ ಇವರಿಗೂ ಬರುತ್ತಿದೆಯೇ? ಭಯವಾಗುತ್ತಿದೆ."

ರೂಪಾ, ನನಗೆ ಟೈಪ್ ಮಾಡಲು ಕಣ್ಣು ಕೂಡುವುದಿಲ್ಲ, ಅದಕ್ಕೇ ಮಾತಿನಲ್ಲಿ ಹೇಳುತ್ತಿದ್ದೇನೆ. ಉದ್ದವಾದರೂ ಪೂರ್ತಿ ಕೇಳು. ಚಿಂತಾಮಣಿಯ ದೊಡ್ಡಕ್ಕನ ಮನೆಯವರೂ ಕೇಳಿಸಿಕೊಳ್ಳಿ.

ಹಾಡಿನ ವಿಷಯಕ್ಕೆ ಹೆದರಲೇಬೇಡ. ನಿಮ್ಮಪ್ಪ ಶೀನ ಹುಟ್ಟಿದ್ದು 1956ರಲ್ಲಿ. ಅವನಿಗೆ ಹದಿನೈದು ತುಂಬಿದ್ದು 1971ರಲ್ಲಿ, ಇಪ್ಪತ್ತೈದು ತುಂಬಿದ್ದು 1981ರಲ್ಲಿ. ಅವನು ಕೇಳುವ ಹಾಡುಗಳು ಯಾವ ವರ್ಷದವು ಎಂದು ನೋಡು, ಹೆಚ್ಚುಕಡಿಮೆ ಎಲ್ಲವೂ ಈ ಹತ್ತು ವರ್ಷಗಳ ಒಳಗೇ ಬೀಳುತ್ತವೆ. ರಾಜ್‌ಕುಮಾರ್ ತಾವೇ ಹಾಡತೊಡಗಿದ ಮೇಲಿನ ಹಾಡುಗಳೆಂದರೆ ಅವನಿಗೆ ಪ್ರಾಣ. ನಾನು ಅವನಿಗಿಂತ ಆರು ವರ್ಷ ದೊಡ್ಡವಳು, ನನಗೆ ರಾಜ್‌ಕುಮಾರ್ ಮುಖಕ್ಕೆ ಪಿ.ಬಿ. ಶ್ರೀನಿವಾಸ್ ಅವರ ದನಿಯೇ ಒಪ್ಪುತ್ತದೆ. ಒಂದೇ ಮನೆ, ಒಂದೇ ರೇಡಿಯೋ, ಆದರೂ ನಮ್ಮಿಬ್ಬರಿಗೂ ಈ ವಿಷಯದಲ್ಲಿ ಇಂದಿಗೂ ಒಮ್ಮತವಿಲ್ಲ. ಇಬ್ಬರಲ್ಲಿ ಯಾರಿಗೂ ಕಾಯಿಲೆಯಿಲ್ಲ, ಯೌವನ ಬಂದ ವರ್ಷಗಳು ಬೇರೆ ಅಷ್ಟೇ.

1989ರಲ್ಲಿ ಅಮೆರಿಕದಲ್ಲಿ ಹಾಲ್‌ಬ್ರೂಕ್ ಮತ್ತು ಶಿಂಡ್ಲರ್ ಎಂಬಿಬ್ಬರು ಇದನ್ನೇ ಪರೀಕ್ಷಿಸಿದರು. 1932ರಿಂದ 1986ರವರೆಗಿನ ಜನಪ್ರಿಯ ಹಾಡುಗಳ ತುಣುಕುಗಳನ್ನು ಹದಿಹರೆಯದವರಿಂದ ಹಿಡಿದು ಎಂಬತ್ತು ದಾಟಿದವರವರೆಗೆ ಎಲ್ಲರಿಗೂ ಕೇಳಿಸಿ, ಎಷ್ಟು ಇಷ್ಟವಾಯಿತು ಎಂದು ಅಂಕ ಕೊಡಿಸಿದರು. ಕೇಳುವವರು ಇಪ್ಪತ್ತಮೂರು, ಇಪ್ಪತ್ತನಾಲ್ಕರ ಆಸುಪಾಸಿನಲ್ಲಿದ್ದಾಗ ಬಂದ ಹಾಡುಗಳಿಗೇ ಹೆಚ್ಚು ಅಂಕ ಬಿತ್ತು. ಬೇರೆ ಅಧ್ಯಯನಗಳಲ್ಲಿ ಈ ವಯಸ್ಸು ಇನ್ನಷ್ಟು ಹಿಂದಕ್ಕೆ, ಹದಿಹರೆಯದ ಕಡೆಗೆ ಸರಿಯುವುದೂ ಉಂಟು. ಹಾಗಿರುವಾಗ ನಿಮ್ಮಪ್ಪ ಎಪ್ಪತ್ತರ ದಶಕವನ್ನು ಬಿಟ್ಟು ಕದಲದಿರುವುದರಲ್ಲಿ ಯಾವ ವಿಶೇಷವೂ ಇಲ್ಲ.

ನೀನು ದೊಡ್ಡಕ್ಕನ ಹೆಸರು ಎತ್ತಿದ್ದರಿಂದ ಹೇಳಲೇಬೇಕು. ಅಲ್ಲಿ ನಡೆದದ್ದು ನೀನು ಅಂದುಕೊಂಡಿರುವುದಕ್ಕೆ ತಿರುವುಮುರುವು. ನೀನು ಹಳೆಯದನ್ನು ನೆನೆಯುವುದೇ ರೋಗ ಎಂದು ಹೆದರಿದ್ದೀಯೆ. ಅಲ್ಲಿ ಹಳೆಯದೆಲ್ಲ ನೆನಪಿದೆ, ಆದ್ದರಿಂದ ರೋಗವೇ ಇಲ್ಲ ಎಂದು ಎಲ್ಲರೂ ನಿಶ್ಚಿಂತರಾಗಿದ್ದರು.

ನಮ್ಮವರ ಒಂದು ಮದುವೆಯಲ್ಲಿ ದೊಡ್ಡಕ್ಕ ಹಸೆಯ ಹಾಡು ಹೇಳಿದ್ದು ಎಲ್ಲರಿಗೂ ನೆನಪಿರಬೇಕು. ಒಂದು ಸೊಲ್ಲೂ ತಪ್ಪಲಿಲ್ಲ. ತಾನು ಹದಿನೇಳನೆಯ ವಯಸ್ಸಿಗೆ ಮುಳಬಾಗಿಲು ಕಡೆಯಿಂದ ಚಿಂತಾಮಣಿಗೆ ಸೊಸೆಯಾಗಿ ಬಂದದ್ದು, ಬಸ್ಸಿನಲ್ಲಿ ಮಡಿಲಕ್ಕಿ ಗಂಟು ಬಿಚ್ಚಿಕೊಂಡದ್ದು, ಅತ್ತೆ ಉಡಿಸಿದ ಸೀರೆಯ ಅಂಚಿನ ಬಣ್ಣ, ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳಿದಳು. ಕೇಳಿದವರೆಲ್ಲ ಈ ವಯಸ್ಸಿನಲ್ಲಿ ಎಂಥ ನೆನಪು ಎಂದು ಹೊಗಳಿದರು. ನಾನು ಪಕ್ಕದಲ್ಲೇ ಕುಳಿತಿದ್ದೆ. ಊಟವಾಗಿ ಕೈ ತೊಳೆದು ಬಂದ ಮೇಲೆ ಅವಳು ನನ್ನನ್ನು ಕೇಳಿದಳು, "ಊಟಕ್ಕೆ ಇನ್ನೂ ಎಲೆ ಹಾಕಿಲ್ಲವೇ?" ಎಂದು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ. ಬಾಯಲ್ಲಿ ಇನ್ನೂ ಎಲೆ ಅಡಿಕೆ ಇತ್ತು.

ಆಗಲೇ ಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು, ಪಿಂಚಣಿಯ ಪುಸ್ತಕ ಅಕ್ಕಿ ಡಬ್ಬದಲ್ಲಿ ಸಿಕ್ಕಿತ್ತು. ಆದರೂ ಕರೆದುಕೊಂಡು ಹೋದದ್ದು ಒಬ್ಬ ಡಾಕ್ಟರ ಬಳಿಗೆ, ಅವರು ಕೇಳಿದ್ದು ಏನು? ತವರು ಯಾವುದು, ಮದುವೆ ಯಾವಾಗ ಆಯಿತು, ಮಕ್ಕಳ ಹೆಸರೇನು. ಎಲ್ಲಕ್ಕೂ ಪಟಪಟನೆ ಉತ್ತರ ಬಂತು. ಏನೂ ಇಲ್ಲ, ವಯಸ್ಸಿನದು ಎಂದು ಟಾನಿಕ್ ಬರೆದುಕೊಟ್ಟು ಕಳಿಸಿದರು. ಒಂದು ಸಂಜೆ ಅವಳು ಚಿಂತಾಮಣಿ ಬಸ್ ನಿಲ್ದಾಣದಲ್ಲಿ ನಿಂತು ಮುಳಬಾಗಿಲಿನ ಬಸ್ ಕೇಳುತ್ತಿದ್ದಳು, ಅಪ್ಪ ಕಾಯುತ್ತಿದ್ದಾರೆ ಎಂದು. ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಆಮೇಲೆ ನಿಮ್ಹಾನ್ಸ್‌ಗೆ ಕರೆದೊಯ್ದರು. ಅಲ್ಲಿಯ ಡಾಕ್ಟರು ತವರಿನ ಮಾತೇ ಎತ್ತಲಿಲ್ಲ. ಮೂರು ಪದ ಹೇಳಿ, ಅವಳಿಂದಲೂ ಹೇಳಿಸಿ, ಬೇರೇನೋ ಮಾತಾಡಿ, ಐದು ನಿಮಿಷ ಬಿಟ್ಟು ಆ ಪದಗಳು ಯಾವುವು ಎಂದರು. ಒಂದೂ ಬರಲಿಲ್ಲ. ಪದ ಹೇಳಿಸಿದ್ದೇ ಅವಳಿಗೆ ನೆನಪಿರಲಿಲ್ಲ.

ಹಳೆಯದು ನೆನಪಿದೆ ಎಂದು ಎಂದಿಗೂ ನೆಚ್ಚಿಕೊಳ್ಳಬೇಡಿ.

ಏಕೆ ಹೀಗೆ ಎಂಬುದು ತಿಳಿದಿದ್ದರೆ ಮೋಸ ಹೋಗುವುದಿಲ್ಲ. ವಯಸ್ಸಾದ ಒಬ್ಬರನ್ನು ಕೂರಿಸಿಕೊಂಡು 'ಮಳೆ', 'ಅಂಗಡಿ', 'ಪತ್ರ' ಎಂದು ಒಂದೊಂದೇ ಪದ ಹೇಳಿ, ಪ್ರತಿ ಪದಕ್ಕೂ ತಮ್ಮ ಬದುಕಿನಲ್ಲಿ ನಡೆದ ಒಂದು ಸಂಗತಿಯನ್ನು ಹೇಳಿಸುತ್ತಾರೆ. ಬಳಿಕ ಆಗ ನಿಮಗೆ ಎಷ್ಟು ವಯಸ್ಸು ಎಂದು ಕೇಳಿ ಗುರುತು ಹಾಕುತ್ತಾರೆ. ಡೇವಿಡ್ ರೂಬಿನ್ ಮತ್ತು ಜೊತೆಗಾರರು 1986ರಲ್ಲಿ ಇಂತಹ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಆರೋಗ್ಯವಂತರಲ್ಲಿ ಯಾವ ವಯಸ್ಸಿನ ನೆನಪು ಎಷ್ಟು ಎಂದು ಚಿತ್ರ ಬರೆದರೆ ಎರಡು ದಿಬ್ಬಗಳು ಕಾಣುತ್ತವೆ. ಒಂದು ಹತ್ತಿರದ್ದು, ಅಂದರೆ ಈಚಿನ ದಿನ, ವಾರ, ತಿಂಗಳುಗಳದ್ದು. ಇನ್ನೊಂದು ದೂರದ್ದು, ಸುಮಾರು ಹತ್ತರಿಂದ ಮೂವತ್ತರ ವಯಸ್ಸಿನದು. ನಡುವಿನ ವರ್ಷಗಳು ತಗ್ಗು. ಮೂರು ನಾಲ್ಕು ವರ್ಷಕ್ಕಿಂತ ಮೊದಲಿನದು ಬಹುತೇಕ ಶೂನ್ಯ. ಆ ದೂರದ ದಿಬ್ಬವನ್ನೇ ರೆಮಿನಿಸೆನ್ಸ್ ಬಂಪ್ ಎನ್ನುತ್ತಾರೆ, ನಾನು ಕಾಲೇಜಿನ ಮನಃಶಾಸ್ತ್ರದ ತರಗತಿಯಲ್ಲಿ ನೆನಪಿನ ಉಬ್ಬು ಎಂದು ಹೇಳಿಕೊಡುತ್ತಿದ್ದೆ.

ಅದು ಏಳುವುದೇಕೆ ಎಂಬುದಕ್ಕೆ ಒಂದೇ ಕಾರಣವಿಲ್ಲ. ಆ ವಯಸ್ಸಿನಲ್ಲಿ ಮಿದುಳಿನ ಗ್ರಹಣಶಕ್ತಿ ಚೆನ್ನಾಗಿರುತ್ತದೆ ಎಂಬುದು ಒಂದು. ಅದಕ್ಕಿಂತ ದೊಡ್ಡದು, ಎಲ್ಲವೂ ಮೊದಲ ಸಲ ನಡೆಯುವುದು ಆಗಲೇ: ಮೊದಲು ಮನೆ ಬಿಡುವುದು, ಮೊದಲ ಸಂಬಳ, ಮದುವೆ, ಮೊದಲ ಮಗು. ತಾನು ಯಾರು ಎಂಬುದು ಗಟ್ಟಿಯಾಗುವುದೂ ಆಗಲೇ, ಹಾಗಾಗಿ ಜನ ಅವನ್ನೇ ಜೀವನವಿಡೀ ಹೇಳಿಕೊಳ್ಳುತ್ತಾರೆ, ಹೇಳಿದಷ್ಟೂ ಅವು ಉಳಿಯುತ್ತವೆ. ಬರೀ ವಯಸ್ಸಿನ ಮಹಿಮೆಯಲ್ಲ ಎನ್ನಲು ಒಂದು ಸಾಕ್ಷಿಯಿದೆ. ಸ್ಪ್ಯಾನಿಷ್ ಮಾತಾಡುವ ನಾಡುಗಳಿಂದ ಅಮೆರಿಕಕ್ಕೆ ವಲಸೆ ಹೋದವರನ್ನು ನೋಡಿದಾಗ, ಮೂವತ್ತು ದಾಟಿದ ಮೇಲೆ ಊರು ಬಿಟ್ಟವರಲ್ಲಿ ಈ ಉಬ್ಬು ಆ ವಲಸೆಯ ವರ್ಷಗಳ ಕಡೆಗೆ ಸರಿದಿತ್ತು. ಬದುಕು ಮಗುಚಿದ ಕಡೆ ನೆನಪು ದಟ್ಟವಾಗುತ್ತದೆ. ದೊಡ್ಡಕ್ಕನಿಗೆ ಆ ಬಸ್ ಪ್ರಯಾಣ ಹಾಗಿತ್ತು.

ಈಗ ಮುಖ್ಯ ಮಾತು. ಆಲ್‌ಝೈಮರ್ ಎಂಬ ಮರೆವಿನ ಕಾಯಿಲೆ ಮಿದುಳಿನಲ್ಲಿ ಮೊದಮೊದಲೇ ಕೆಡಿಸುವ ಭಾಗಗಳಲ್ಲಿ ಹಿಪೊಕ್ಯಾಂಪಸ್ ಎಂಬುದು ಒಂದು. ಹೊಸದನ್ನು ನೆನಪಾಗಿ ಇಡುವ ಕೆಲಸ ಅದರದು. ಹಾಗಾಗಿ ಮೊದಲು ಕುಸಿಯುವುದು ಹತ್ತಿರದ ದಿಬ್ಬ. ದೂರದ್ದು ಬಹಳ ಕಾಲ ನಿಂತೇ ಇರುತ್ತದೆ, ಹತ್ತಿರದ್ದು ಇಲ್ಲವಾದಾಗ ಅದು ಇನ್ನೂ ಎತ್ತರವಾಗಿ ಕಾಣುತ್ತದೆ. ದೂರದ್ದನ್ನು ನೋಡಿ ರೋಗವಿದೆ ಎಂದೂ ಹೇಳಲಾಗದು, ಇಲ್ಲ ಎಂದೂ ಹೇಳಲಾಗದು.

ಇದನ್ನೆಲ್ಲ ನಾನು ಆ ಮದುವೆಯ ಮಾರನೆಯ ದಿನವೇ ಹೇಳಿದ್ದೆ. ಮನಃಶಾಸ್ತ್ರದ ಮೇಡಂಗೆ ಎಲ್ಲರಲ್ಲೂ ಕಾಯಿಲೆಯೇ ಕಾಣುತ್ತದೆ ಎಂದರು. ಕಾಲೇಜಿನಲ್ಲಿ ನೂರಾರು ಮಕ್ಕಳಿಗೆ ಹೇಳಿಕೊಟ್ಟವಳ ಮಾತು ಮನೆಯಲ್ಲಿ ನಡೆಯಲಿಲ್ಲ. ಅದು ಹೋಗಲಿ. ಆ ಕ್ಯಾಸೆಟ್ ಪೆಟ್ಟಿಗೆಯ ಸಂಗತಿ ಮಾತ್ರ ಇನ್ನೂ ನನ್ನ ಹೊಟ್ಟೆ ಉರಿಸುತ್ತದೆ. ದೊಡ್ಡಕ್ಕನ ಹಾಡುಗಳನ್ನೆಲ್ಲ ನಾನೇ ಹುಡುಕಿ ತುಂಬಿಸಿಕೊಟ್ಟಿದ್ದೆ, ಒಂದೊಂದರ ಮೇಲೂ ಹೆಸರು ಬರೆದಿದ್ದೆ. ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಟೇಪ್ ರೆಕಾರ್ಡರ್ ಸಮೇತ ಗುಜರಿಯವನಿಗೆ ತೂಕಕ್ಕೆ ಹಾಕಿದರು. ಕೊನೆಗೆ ಮಗನ ಗುರುತೇ ಹತ್ತದೆ ಅವಳು ಸಂಜೆಯಾದರೆ ಬಾಗಿಲಿಗೆ ಹೋಗಿ ಹೋಗಿ ನಿಲ್ಲುತ್ತಿದ್ದಾಗ, ನಾನು ಕುಳಿತು ಆ ಹಾಡುಗಳನ್ನು ಹೇಳಿದರೆ ಮಾತ್ರ ಬಂದು ಪಕ್ಕದಲ್ಲಿ ಕೂರುತ್ತಿದ್ದಳು, ತುಟಿ ಆಡಿಸುತ್ತಿದ್ದಳು. ಹಾಡಿನ ನೆನಪು ಈ ಕಾಯಿಲೆಯಲ್ಲಿ ಉಳಿದವಕ್ಕಿಂತ ತಡವಾಗಿ ಹೋಗುವುದುಂಟು. ನಾನು ಕೋಲಾರದಿಂದ ದಿನಾ ಹೋಗಲು ಆಗುತ್ತಿತ್ತೇ? ಆ ಪೆಟ್ಟಿಗೆ ಇದ್ದಿದ್ದರೆ ಪ್ರತಿ ಸಂಜೆಯೂ ಅವಳಿಗೆ ಅಷ್ಟು ಸಮಾಧಾನ ಸಿಗುತ್ತಿತ್ತು. ಆದ್ದರಿಂದ ರೂಪಾ, ನಿಮ್ಮಪ್ಪನ ಮೊಬೈಲಿನ ಹಾಡುಗಳನ್ನು ಯಾರೂ ಅಳಿಸಬಾರದು. ನೀನೇ ಕೆಲಸ ಮಾಡುವಾಗ ಅವನ್ನು ಗುನುಗುತ್ತೀಯೆ, ನಾನು ಕೇಳಿದ್ದೇನೆ. ತಂದೆ ತಾಯಿಯ ಯೌವನದ ಹಾಡುಗಳು ಮಕ್ಕಳಲ್ಲೂ ನೆಲೆಸುತ್ತವೆ ಎಂದು ಕಾರ್ನೆಲ್ ವಿಶ್ವವಿದ್ಯಾಲಯದ ಕ್ರುಮ್‌ಹಾನ್ಸ್ಲ್ ಅವರು 2013ರಲ್ಲೇ ತೋರಿಸಿದ್ದಾರೆ.

ಮತ್ತೊಮ್ಮೆ ಹೇಳುತ್ತೇನೆ, ಎಲ್ಲರೂ ಕೇಳಿಸಿಕೊಳ್ಳಿ. ಹಳೆಯದು ನೆನಪಿದೆ ಎಂದು ಎಂದಿಗೂ ನೆಚ್ಚಿಕೊಳ್ಳಬೇಡಿ.

ಅಯ್ಯೋ, ನೀನು ಏನು ಮಾಡಬೇಕು ಎಂಬುದನ್ನೇ ಹೇಳಲಿಲ್ಲ. ಹಾಸ್ಟೆಲ್ ಕಥೆ ಕೇಳುವುದನ್ನು ಬಿಟ್ಟು ಹತ್ತಿರದ ದಿಬ್ಬವನ್ನು ನೋಡು. ನಿನ್ನೆ ರಾತ್ರಿ ಏನು ಊಟ, ಭಾನುವಾರ ಯಾರು ಬಂದಿದ್ದರು, ಕರೆಂಟ್ ಬಿಲ್ ಕಟ್ಟಿದ್ದು ಯಾವಾಗ ಎಂದು ಮಾತಿನ ನಡುವೆ ಕೇಳು, ಪರೀಕ್ಷೆಯ ಹಾಗೆ ಬೇಡ. ಮರೆತಿದ್ದರೆ ಒಂದು ಸುಳಿವು ಕೊಡು. "ಹೌದಲ್ಲ" ಎಂದು ನೆನಪಾದರೆ ಒಳ್ಳೆಯದು. ಸುಳಿವು ಕೊಟ್ಟರೂ ಆ ಸಂಗತಿಯೇ ನಡೆದಿಲ್ಲ ಎನ್ನುವ ಹಾಗಿದ್ದರೆ ಬರೆದಿಟ್ಟುಕೊ. ವಾರ ಬಿಟ್ಟು ಅದೇ ಕಥೆ ಹೇಳುವುದು ಮುಪ್ಪಿನ ಸ್ವಭಾವ. ಹತ್ತು ನಿಮಿಷದ ಹಿಂದೆ ಹೇಳಿದ್ದರ ಅರಿವೇ ಇಲ್ಲದೆ ಮತ್ತೆ ಹೇಳುವುದು ಬೇರೆ. ಕನ್ನಡಕ ಹುಡುಕುವುದು ಎಲ್ಲರ ಪಾಡು. ಅದು ಫ್ರಿಡ್ಜಿನಲ್ಲಿ ಸಿಕ್ಕರೆ, ಚಿರಪರಿಚಿತ ದಾರಿ ತಪ್ಪಿದರೆ, ದುಡ್ಡಿನ ಲೆಕ್ಕ ಹೊಸದಾಗಿ ತಪ್ಪತೊಡಗಿದರೆ ತಡಮಾಡಬೇಡ. ಒಂದೆರಡು ದಿನಗಳಲ್ಲಿ ದಿಢೀರನೆ ಗಲಿಬಿಲಿಯಾದರೆ ಅದು ಮರೆವಿನ ಕಾಯಿಲೆಯಾಗಿರುವುದಕ್ಕಿಂತ ಸೋಂಕೋ, ರಕ್ತದಲ್ಲಿ ಉಪ್ಪಿನಂಶ ಇಳಿದದ್ದೋ ಆಗಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಡಾಕ್ಟರ ಬಳಿ ಬಿ12, ಥೈರಾಯ್ಡ್ ಪರೀಕ್ಷೆ ಕೇಳಿ, ಇವೆರಡರ ಕೊರತೆಯಿಂದಲೂ ಮರೆವು ಬರುತ್ತದೆ, ಸರಿಪಡಿಸಲೂಬಹುದು. ಶೀನನ ಎಡಗಿವಿ ಮೊದಲಿನಿಂದಲೂ ಮಂದ. ಕೇಳಿಸದೆ ಇದ್ದದ್ದು ನೆನಪಾಗಿ ನಿಲ್ಲುವುದಾದರೂ ಹೇಗೆ? ಕಿವಿಯನ್ನೂ ತೋರಿಸಿ. ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ತೆರೆದಿರುವ ಮಿದುಳಿನ ಆರೋಗ್ಯದ ಕ್ಲಿನಿಕ್ ಇದೆ, ಅಲ್ಲಿಗೇ ಕರೆದುಕೊಂಡು ಬಾ. ಅವನು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ತರಬೇಕು, ನಿದ್ದೆಯ ಮಾತ್ರೆ ಇದ್ದರೆ ಅದನ್ನಂತೂ ಮರೆಯದೆ ಹೇಳಬೇಕು. ನಿಮ್ಮಮ್ಮ ಜೊತೆಗೆ ಬರಲೇಬೇಕು, ನಿನ್ನೆ ನಿಜವಾಗಿ ಏನಾಯಿತು ಎಂದು ಹೇಳಬಲ್ಲವರು ಅವರೊಬ್ಬರೇ. ಯಾವ ದಿನ ಎಂದು ತಿಳಿಸು, ನಾನು ಬೆಳಿಗ್ಗೆಯೇ ಹೋಗಿ ಚೀಟಿ ಮಾಡಿಸಿಟ್ಟಿರುತ್ತೇನೆ.