ಎರಡೇ ತಿಂಗಳಲ್ಲಿ ಅಸಲು ಹುಟ್ಟುತ್ತಿದ್ದರೆ ಜಾಹೀರಾತಿನ ಖರ್ಚು ದುಪ್ಪಟ್ಟು ಮಾಡಬಹುದೇ?

ಪ್ರಶ್ನೆ (ಮೈಸೂರಿನಿಂದ): ಮಕ್ಕಳಿಗೆ ಕನ್ನಡ ಕಥೆ ಕೇಳಿಸುವ ಆ್ಯಪ್ ನಡೆಸುತ್ತಿದ್ದೇವೆ. ತಿಂಗಳ ಚಂದಾ 199 ರೂಪಾಯಿ. ಕಳೆದ ತಿಂಗಳು ಜಾಹೀರಾತಿಗೆ 6 ಲಕ್ಷ ಹಾಕಿದೆವು, 1,500 ಹೊಸ ಚಂದಾದಾರರು ಬಂದರು. ಅಂದರೆ ತಲೆಗೆ 400 ರೂಪಾಯಿ, ಎರಡು ತಿಂಗಳಲ್ಲಿ ವಾಪಸ್. ಬ್ಯಾಂಕಿನಲ್ಲಿ 28 ಲಕ್ಷ ಇದೆ. ಖರ್ಚನ್ನು 12 ಲಕ್ಷಕ್ಕೆ ಏರಿಸೋಣ ಎನ್ನುತ್ತಾನೆ ನನ್ನ ಪಾಲುದಾರ. ನನಗೆ ಧೈರ್ಯ ಸಾಲುತ್ತಿಲ್ಲ.

ಸಾಫ್ಟ್‌ವೇರ್ ಕಂಪನಿಯೊಂದರ ಮಾರಾಟ ವಿಭಾಗದವರು: ಹೆದರುವುದಕ್ಕೆ ಏನಿದೆ ಸರ್? ನಮ್ಮ ಕ್ಷೇತ್ರದಲ್ಲಿ 12 ತಿಂಗಳೊಳಗೆ ಸಿಎಸಿ, ಅಂದರೆ ಒಬ್ಬ ಗ್ರಾಹಕರನ್ನು ತರಲು ಮಾಡಿದ ಖರ್ಚು, ವಾಪಸ್ ಬಂದರೆ ಹೂಡಿಕೆದಾರರು ಕಣ್ಣು ಮುಚ್ಚಿ ಹಣ ಕೊಡುತ್ತಾರೆ. ನಿಮ್ಮದು ಎರಡೇ ತಿಂಗಳು. ಈಗ ಏರಿಸದಿದ್ದರೆ ಇನ್ನೊಬ್ಬರು ಬಂದು ಮಾರುಕಟ್ಟೆ ಹಿಡಿಯುತ್ತಾರೆ.

ಹಣಕಾಸು ಸಲಹೆಗಾರ್ತಿ, ಬೆಂಗಳೂರು: ನಿಮ್ಮ ಧೈರ್ಯ ಸಾಲದಿರುವುದು ಸರಿಯಾಗಿಯೇ ಇದೆ ಎನಿಸುತ್ತದೆ. ನಾಲ್ಕು ವಿಷಯ ತಿಳಿಸಿ. ಆ 1,500 ಜನರಲ್ಲಿ ಜಾಹೀರಾತು ನೋಡಿ ಬಂದವರೆಷ್ಟು, ತಾವಾಗಿಯೇ ಹುಡುಕಿಕೊಂಡು ಬಂದವರೆಷ್ಟು? ಜಾಹೀರಾತು ನೋಡಿಕೊಳ್ಳುವವರ ಸಂಬಳ ಎಷ್ಟು? ಮೊದಲು ತಿಂಗಳಿಗೆ ಎಷ್ಟು ಖರ್ಚು ಮಾಡುತ್ತಿದ್ದಿರಿ, ಆಗ ಎಷ್ಟು ಜನ ಬರುತ್ತಿದ್ದರು? ಕೊನೆಯದಾಗಿ, ಒಂದೇ ತಿಂಗಳಲ್ಲಿ ಸೇರಿದವರನ್ನು ಹಿಡಿದು, ಅವರಲ್ಲಿ ಎರಡನೆಯ, ಮೂರನೆಯ ತಿಂಗಳು ಹಣ ಕಟ್ಟಿದವರು ಎಷ್ಟು ಎಂದು ತೆಗೆಯಿರಿ. ಹದಿನೈದು ತಿಂಗಳಷ್ಟು ಹಳೆಯ ಬ್ಯಾಚ್ ಇದ್ದರೆ ಇನ್ನೂ ಒಳ್ಳೆಯದು.

ಹಾಸನದ ತಾಯಿಯೊಬ್ಬರು: ಜಾಹೀರಾತು ಕಡಿಮೆ ದರಕ್ಕೆ ಸಿಗುವುದು ಹೇಗೆಂದು ತಾನೇ ಕೇಳುತ್ತಿರುವುದು? ನಾನು ಮನೆಯಲ್ಲಿ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತೇನೆ. ಒಂದು ರೂಪಾಯಿಯ ಜಾಹೀರಾತೂ ಇಲ್ಲ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತು ಅಮ್ಮಂದಿರೊಂದಿಗೆ ಮಾತನಾಡುತ್ತೇನೆ, ಒಬ್ಬರು ಸೇರಿದರೆ ಇಬ್ಬರನ್ನು ಕರೆತರುತ್ತಾರೆ. ನೀವೂ ಹಾಗೆ ಮಾಡಿ.

ಪ್ರಶ್ನೆ ಕೇಳಿದವರು: ಮೇಡಂ, ಲೆಕ್ಕ ತೆಗೆದೆ. ಸುಮಾರು 500 ಜನ ತಾವಾಗಿಯೇ ಬಂದವರು, ಜಾಹೀರಾತಿನಿಂದ ಬಂದವರು 1,000. ಜಾಹೀರಾತು ನೋಡಿಕೊಳ್ಳುವ ಹುಡುಗನ ಸಂಬಳ, ವಿಡಿಯೊ ಮಾಡಿಕೊಡುವವರ ಶುಲ್ಕ ಸೇರಿ ತಿಂಗಳಿಗೆ 1 ಲಕ್ಷ 20 ಸಾವಿರ. ಮೂರು ತಿಂಗಳ ಹಿಂದಿನವರೆಗೆ ಜಾಹೀರಾತಿಗೆ 3 ಲಕ್ಷ ಹಾಕುತ್ತಿದ್ದೆವು, ಆಗ ಜಾಹೀರಾತಿನಿಂದ 700 ಜನ ಬರುತ್ತಿದ್ದರು. ಹಳೆಯ ಬ್ಯಾಚ್ ಒಂದನ್ನು ನೋಡಿದೆ. ಸಾವಿರ ಜನ ಸೇರಿದ್ದರೆ ಎರಡನೆಯ ತಿಂಗಳು ಕಟ್ಟಿದವರು 700, ಮೂರನೆಯ ತಿಂಗಳು 560, ಆರನೆಯ ತಿಂಗಳು 380, ಹನ್ನೆರಡನೆಯ ತಿಂಗಳು 262. ಇಷ್ಟೊಂದು ಜನ ಬಿಟ್ಟುಹೋಗುತ್ತಿರುವುದು ನಮಗೆ ಗೊತ್ತೇ ಇರಲಿಲ್ಲ. ಒಟ್ಟು ಸಂಖ್ಯೆ ಏರುತ್ತಲೇ ಇತ್ತು.

ಹಣಕಾಸು ಸಲಹೆಗಾರ್ತಿ: ಒಟ್ಟು ಸಂಖ್ಯೆಗೆ ಆ ಗುಣವಿದೆ. ಹೊಸಬರು ಬರುತ್ತಿರುವವರೆಗೆ ಹೋದವರು ಕಾಣುವುದಿಲ್ಲ.

ಮೊದಲು ನಿಮ್ಮ ಕೈಗೆ ಬರುವ ಹಣ ನೋಡೋಣ. 199 ರೂಪಾಯಿಯಲ್ಲಿ 18 ಪ್ರತಿಶತ ಜಿಎಸ್‌ಟಿ ಅಡಗಿದೆ. ಅದನ್ನು ತೆಗೆದರೆ ಉಳಿಯುವುದು ಸುಮಾರು 169. ಗೂಗಲ್ ಪ್ಲೇ 2022ರಿಂದ ಚಂದಾಗಳ ಮೇಲೆ 15 ಪ್ರತಿಶತ ಶುಲ್ಕ ಹಿಡಿಯುತ್ತಿದೆ, ಅದಕ್ಕೆ 30 ರೂಪಾಯಿ ಎಂದು ಇಟ್ಟುಕೊಳ್ಳಿ. ಆಡಿಯೊ ಸಂಗ್ರಹ, ಸರ್ವರ್, ಗ್ರಾಹಕರ ಕರೆಗಳಿಗೆ ಉತ್ತರಿಸುವವರು, ಇದಕ್ಕೆಲ್ಲ ತಲೆಗೆ 19 ರೂಪಾಯಿ ಎಂದು ನನ್ನ ಅಂದಾಜು, ನಿಮ್ಮ ಬಿಲ್ ನೋಡಿ ತಿದ್ದಿಕೊಳ್ಳಿ. ಒಂದು ತಿಂಗಳ ಚಂದಾದಿಂದ ನಿಜವಾಗಿ ಉಳಿಯುವುದು 120 ರೂಪಾಯಿ. ನೀವು 199ರಿಂದ ಭಾಗಿಸಿದ್ದೀರಿ.

ಇನ್ನು ಖರ್ಚು. ತಾವಾಗಿ ಬಂದ 500 ಜನರನ್ನು ಜಾಹೀರಾತಿನ ಲೆಕ್ಕದಲ್ಲಿ ಸೇರಿಸುವಂತಿಲ್ಲ. ಅವರು ಜಾಹೀರಾತು ಇಲ್ಲದಿದ್ದರೂ ಬರುತ್ತಿದ್ದವರು. ಸಂಬಳವೂ ಸೇರಿ 7 ಲಕ್ಷ 20 ಸಾವಿರ ಕೊಟ್ಟು ನೀವು ತಂದದ್ದು 1,000 ಜನರನ್ನು. ತಲೆಗೆ 720 ರೂಪಾಯಿ ಆಯಿತು.

720ನ್ನು 120ರಿಂದ ಭಾಗಿಸಿದರೆ ಆರು ತಿಂಗಳು ಬರುತ್ತದೆ. ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಈ ಭಾಗಾಕಾರ ಸರಿಯಾಗಬೇಕಾದರೆ ಸೇರಿದ ಸಾವಿರ ಜನರೂ ಆರು ತಿಂಗಳು ಉಳಿಯಬೇಕು. ನಿಮ್ಮಲ್ಲಿ ಆರನೆಯ ತಿಂಗಳಿಗೆ 380 ಜನರಷ್ಟೇ ಇದ್ದಾರೆ.

ಹಾಗಾಗಿ ತಿಂಗಳನ್ನು ಬಿಟ್ಟು ಕಂತುಗಳನ್ನು ಎಣಿಸಿ. 7,20,000 ರೂಪಾಯಿ ವಾಪಸ್ ಬರಲು ಈ ಬ್ಯಾಚಿನಿಂದ 120 ರೂಪಾಯಿಯ 6,000 ಕಂತುಗಳು ಬರಬೇಕು. ಮೊದಲ ತಿಂಗಳು 1,000 ಕಂತು, ಎರಡನೆಯ ತಿಂಗಳ 700 ಸೇರಿ 1,700, ಮೂರನೆಯದು ಸೇರಿ 2,260. ಆರು ತಿಂಗಳಿಗೆ ಸುಮಾರು 3,536. ಒಂದು ವರ್ಷ ತುಂಬಿದಾಗಲೂ 5,340. ಅದೇ ವೇಗದಲ್ಲಿ ಮುಂದುವರಿದರೆ 6,000 ದಾಟುವುದು ಹದಿನೈದನೆಯ ತಿಂಗಳಲ್ಲಿ. ನೀವು ಎರಡು ಎಂದುಕೊಂಡಿದ್ದ ಸಂಖ್ಯೆ ಇದು.

ಬ್ಯಾಂಕಿನ 28 ಲಕ್ಷ ಇಲ್ಲಿ ಮುಖ್ಯವಾಗುತ್ತದೆ. ಪ್ರತಿ ತಿಂಗಳು 7.2 ಲಕ್ಷ ಹಾಕುತ್ತಾ ಹೋದಿರಿ ಎನ್ನಿ. ಮೊದಲ ತಿಂಗಳು ವಾಪಸ್ ಬರುವುದು 1.2 ಲಕ್ಷ, ಕೊರತೆ 6 ಲಕ್ಷ. ಎರಡನೆಯ ತಿಂಗಳು ಎರಡು ಬ್ಯಾಚ್ ಸೇರಿ 2.04 ಲಕ್ಷ ಬರುತ್ತದೆ, ಕೊರತೆ 5.16. ಹೀಗೆ ಪ್ರತಿ ತಿಂಗಳ ಕೊರತೆ ಕುಗ್ಗುತ್ತದೆ, ಆದರೆ ಕೊರತೆಗಳೆಲ್ಲ ಸೇರಿದ ಒಟ್ಟು ಹಳ್ಳ ಆಳವಾಗುತ್ತಲೇ ಹೋಗುತ್ತದೆ. ಒಂದು ತಿಂಗಳಲ್ಲಿ ಬಂದ ಹಣ ಆ ತಿಂಗಳು ಹಾಕಿದ ಹಣವನ್ನು ಮೀರುವುದು ಹದಿನೈದನೆಯ ತಿಂಗಳಲ್ಲಿ, ಆ ಹೊತ್ತಿಗೆ ಹಳ್ಳದ ಆಳ ಸುಮಾರು 36.4 ಲಕ್ಷ. ಏಳನೆಯ ತಿಂಗಳಿಗೇ ಅದು 28 ಲಕ್ಷ ದಾಟಿರುತ್ತದೆ. ತಾವಾಗಿ ಬಂದವರ ಹಣ ನಿಮ್ಮ ಉಳಿದ ಸಂಬಳ, ಬಾಡಿಗೆಗೆ ಹೋಗುತ್ತದೆಂದು ಭಾವಿಸಿ ಈ ಲೆಕ್ಕ. ಪ್ರತಿ ಬ್ಯಾಚೂ ಲಾಭದ ಕಡೆಗೇ ಸಾಗುತ್ತಿರುವಾಗ ಕಂಪನಿಯ ಖಾತೆ ಖಾಲಿಯಾಗುವುದು ಹೀಗೆ. ಇಂಥ ಒಂದು ತಂಡದ ಲೆಕ್ಕಪುಸ್ತಕ ನಾನು ನೋಡಿದ್ದೆ. ಸಂಬಳದ ದಿನದವರೆಗೂ ಅವರಿಗೆ ವಿಷಯ ಗೊತ್ತಾಗಿರಲಿಲ್ಲ.

ನೀವು ಹಿಂದೆ ಮಾಡುತ್ತಿದ್ದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಜಾಹೀರಾತಿಗೆ 3 ಲಕ್ಷ ಹಾಕುವಾಗ ಸಂಬಳ ಸೇರಿ 4.2 ಲಕ್ಷಕ್ಕೆ 700 ಜನ, ತಲೆಗೆ 600 ರೂಪಾಯಿ. ಆಗ ಅಸಲು ಹನ್ನೊಂದನೆಯ ತಿಂಗಳಲ್ಲಿ ಹುಟ್ಟುತ್ತದೆ, ಹಳ್ಳ 15.3 ಲಕ್ಷಕ್ಕೆ ನಿಲ್ಲುತ್ತದೆ. ಅದನ್ನು ನಿಮ್ಮ ಖಾತೆ ತಡೆಯುತ್ತದೆ.

ಇನ್ನೊಂದು. 3ರಿಂದ 6 ಲಕ್ಷಕ್ಕೆ ಏರಿಸಿದಾಗ ಹೆಚ್ಚುವರಿ 3 ಲಕ್ಷ ತಂದದ್ದು 300 ಜನರನ್ನು ಮಾತ್ರ. ಆ 300 ಜನರ ಬೆಲೆ ತಲೆಗೆ 1,000 ರೂಪಾಯಿ. ಸರಾಸರಿಯಲ್ಲಿ 720 ಎಂದು ಕಾಣುವುದು ಮೊದಲ 700 ಜನ ಅಗ್ಗವಾಗಿ ಬಂದದ್ದರಿಂದ. ಸಾವಿರ ರೂಪಾಯಿ ವಾಪಸ್ ಬರಲು ತಲೆಗೆ ಎಂಟಕ್ಕೂ ಹೆಚ್ಚು ಕಂತು ಬೇಕು, ನಿಮ್ಮ ಬ್ಯಾಚ್ ಹದಿನೈದು ತಿಂಗಳಲ್ಲಿ ಕೊಡುವುದು ಆರು. 12 ಲಕ್ಷಕ್ಕೆ ಏರಿಸಿದರೆ ಹೊಸದಾಗಿ ಸೇರುವ ಪ್ರತಿಯೊಬ್ಬರೂ ಈ ಸಾವಿರಕ್ಕಿಂತ ದುಬಾರಿಯಾಗುತ್ತಾರೆಂದೇ ಎಣಿಸಿ, ಏಕೆಂದರೆ ಕನ್ನಡ ಕಥೆ ಬೇಕೆಂದು ಕಾಯುತ್ತಿದ್ದ ಪೋಷಕರನ್ನು ಜಾಹೀರಾತು ಮೊದಲೇ ತಲುಪಿರುತ್ತದೆ. ತಡವಾಗಿ ಸಿಗುವವರು ಸಾಮಾನ್ಯವಾಗಿ ಬೇಗ ಬಿಟ್ಟೂ ಹೋಗುತ್ತಾರೆ.

ಹಾಸನದ ಮೇಡಂ, ನೀವು ಹೇಳಿದ್ದು ಬೇರೆ ಪ್ರಶ್ನೆಗೆ ಉತ್ತರ, ಆದರೂ ಉಪಯೋಗಕ್ಕೆ ಬರುತ್ತದೆ. ಆ 500 ಜನ ಬರುವುದು ಹಾಗೆಯೇ. ಒಂದೇ ಮಾತು: ಗೇಟಿನ ಬಳಿ ನೀವು ನಿಲ್ಲುವ ಹೊತ್ತಿಗೂ ಬೆಲೆಯಿದೆ. ಅದೇ ಕೆಲಸಕ್ಕೆ ಇವರು ಜನ ಇಟ್ಟರೆ ಅದೂ ಈ ಲೆಕ್ಕಕ್ಕೆ ಸೇರಬೇಕು.

ಮಾರಾಟ ವಿಭಾಗದವರು: ಒಪ್ಪಿದೆ ಮೇಡಂ, ಜನ ಬಿಟ್ಟುಹೋಗುವುದನ್ನು ನಾನು ಗಮನಿಸಿರಲಿಲ್ಲ. ನಮ್ಮ ಗ್ರಾಹಕರು ಕಂಪನಿಗಳು, ವರ್ಷದ ಒಪ್ಪಂದ ಮಾಡಿಕೊಂಡಿರುತ್ತಾರೆ. ಹಾಗಾದರೆ ಇವರೂ ವಾರ್ಷಿಕ ಚಂದಾ ಇಡಲಿ. 1,199 ರೂಪಾಯಿ ಮೊದಲ ದಿನವೇ ಬಂದರೆ 720 ಅಂದೇ ಹುಟ್ಟಿತಲ್ಲ?

ಹಣಕಾಸು ಸಲಹೆಗಾರ್ತಿ: ಒಳ್ಳೆಯ ಸಲಹೆ, ಆದರೆ ಅರ್ಧ. 1,199ರಲ್ಲಿ ತೆರಿಗೆ, ಸ್ಟೋರ್ ಶುಲ್ಕ ಕಳೆದರೆ ಕೈಗೆ ಬರುವುದು ಸುಮಾರು 836. ನಗದಿನ ಮಟ್ಟಿಗೆ 720 ಬೇಗನೆ ಹುಟ್ಟಿತು, ಹಳ್ಳ ಬಹುಪಾಲು ತುಂಬಿತು. ಆದರೆ ಹನ್ನೆರಡು ತಿಂಗಳು ಅವರಿಗೆ ಕಥೆ ಕೇಳಿಸುವ ವೆಚ್ಚ 228 ರೂಪಾಯಿ ಇನ್ನೂ ಬಾಕಿ. ಅದನ್ನು ಕಳೆದರೆ ಉಳಿಯುವುದು 608, ಅಂದರೆ ಅಸಲಿಗೆ 112 ಕಡಿಮೆ. ತಿಂಗಳ ಚಂದಾದಾರರೊಬ್ಬರು ಸರಾಸರಿ ಒಂದು ವರ್ಷದಲ್ಲಿ ಉಳಿಸುವುದು 641. ಎರಡೂ ಹತ್ತಿರಹತ್ತಿರ, ವಾರ್ಷಿಕದ ಹಣ ಮೊದಲೇ ಬರುತ್ತದೆ ಎಂಬುದೇ ವ್ಯತ್ಯಾಸ. ಅದು ದೊಡ್ಡ ವ್ಯತ್ಯಾಸವೇ. ಆದರೆ ಆ 836 ಪೂರ್ತಿಯನ್ನು ಮತ್ತೆ ಜಾಹೀರಾತಿಗೆ ಸುರಿಯಬೇಡಿ. ವಾರ್ಷಿಕದವರಲ್ಲಿ ಎಷ್ಟು ಜನ ನವೀಕರಿಸುತ್ತಾರೆ ಎಂಬುದು ಹದಿಮೂರನೆಯ ತಿಂಗಳವರೆಗೆ ತಿಳಿಯುವುದಿಲ್ಲ.

ಜಾಹೀರಾತು ಮುಟ್ಟುವ ಮೊದಲು ನಾನಾದರೆ ಎರಡನೆಯ ತಿಂಗಳಲ್ಲಿ ಕಳೆದುಹೋದ 300 ಜನರನ್ನು ನೋಡುತ್ತಿದ್ದೆ. ಅವರಲ್ಲಿ ಬೇಡವೆಂದು ರದ್ದು ಮಾಡಿದವರೆಷ್ಟು, ಯುಪಿಐ ಆಟೊಪೇ ಕಡಿತ ವಿಫಲವಾಗಿ ಹೋದವರೆಷ್ಟು? ಖಾತೆಯಲ್ಲಿ ಹಣವಿಲ್ಲದೆ ಕಡಿತ ತಪ್ಪಿದ ತಾಯಿಗೆ ಚಂದಾ ನಿಂತದ್ದೇ ಗೊತ್ತಿರುವುದಿಲ್ಲ. ಮಗು ಕೇಳಿದಾಗ ಆ್ಯಪ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕಡಿತ ತಪ್ಪಿದ ಮೇಲೂ ಚಂದಾ ನಿಲ್ಲದೆ ನಡೆಯುವ ಗ್ರೇಸ್ ಪೀರಿಯಡ್ ಅನ್ನು ಪ್ಲೇ ಕನ್ಸೋಲ್‌ನಲ್ಲಿ ಎಷ್ಟು ದಿನಕ್ಕೆ ಇಟ್ಟಿದ್ದೀರಿ ನೋಡಿ, ತಪ್ಪಿದವರಿಗೆ ಕನ್ನಡದಲ್ಲೇ ಒಂದು ಸಂದೇಶ ಕಳಿಸಿ. 300ರಲ್ಲಿ 50 ಜನ ಉಳಿದು, ಉಳಿದವರಂತೆಯೇ ಮುಂದುವರಿದರೆ ಅಸಲು ಹದಿನೈದರ ಬದಲು ಹದಿನಾಲ್ಕನೆಯ ತಿಂಗಳಲ್ಲಿ ಹುಟ್ಟುತ್ತದೆ.

ಪ್ರಶ್ನೆ ಕೇಳಿದವರು: ವಿಫಲವಾದ ಕಡಿತಗಳ ಪಟ್ಟಿ ಈಗಷ್ಟೇ ತೆಗೆದೆ ಮೇಡಂ, 110 ಇವೆ. ನಾಳೆಯಿಂದ ಜಾಹೀರಾತು 3 ಲಕ್ಷಕ್ಕೆ ಇಳಿಸುತ್ತೇವೆ. ಪಾಲುದಾರನಿಗೆ ಹಳ್ಳದ ಲೆಕ್ಕ ತೋರಿಸಿದೆ, ಅರ್ಧ ಗಂಟೆ ಮಾತಾಡಲಿಲ್ಲ, ಆಮೇಲೆ ಒಪ್ಪಿದ. ಆದರೆ ಅವನದೊಂದು ಪ್ರಶ್ನೆ ಉಳಿದಿದೆ. ಅಮೆರಿಕದಲ್ಲಿರುವ ಕನ್ನಡದ ಮನೆಗಳಿಂದ ನಾಲ್ಕು ತಿಂಗಳಲ್ಲಿ 90 ಜನ ಸೇರಿದ್ದಾರೆ, ಹೆಚ್ಚಿನವರು ವಾರ್ಷಿಕ. ಅಲ್ಲಿಯಾದರೂ ಖರ್ಚು ಏರಿಸಬಹುದೇ?

ಮಾರಾಟ ವಿಭಾಗದವರು: ಅಲ್ಲಿ ಡಾಲರ್ ಚಂದಾ, ನನ್ನ ಮಟ್ಟಿಗೆ ಖಂಡಿತ ಏರಿಸಬೇಕು.

ಹಣಕಾಸು ಸಲಹೆಗಾರ್ತಿ: ಡಾಲರ್ ಚಂದಾ ಇದ್ದಲ್ಲಿ ಜಾಹೀರಾತಿನ ದರವೂ ಡಾಲರಿನದೇ. ಆ 90 ಜನರನ್ನು ಇಲ್ಲಿನವರೊಂದಿಗೆ ಬೆರೆಸದೆ ಬೇರೆ ಬ್ಯಾಚ್ ಆಗಿ ಬರೆದಿಡಿ, ಎಷ್ಟು ಜನ ಜಾಹೀರಾತಿನಿಂದ ಬಂದರು, ಎಷ್ಟು ಜನ ಊರಿನ ಅಜ್ಜಿ ಹೇಳಿ ಸೇರಿದರು ಎಂದು ಕೇಳಿ. ಎರಡನೆಯವರೇ ಹೆಚ್ಚಿದ್ದರೆ ಅಲ್ಲಿ ಜಾಹೀರಾತಿನ ನಿಜವಾದ ಬೆಲೆ ನಿಮಗಿನ್ನೂ ಗೊತ್ತಾಗಿಲ್ಲ. ತಿಂಗಳ ಚಂದಾದ ಕೆಲವರು ಅವರಲ್ಲಿದ್ದರೆ ಅವರ ಎರಡನೆಯ, ಮೂರನೆಯ ಕಂತುಗಳನ್ನು ಮೊದಲು ನೋಡಿ. ವಾರ್ಷಿಕದವರ ಬಗ್ಗೆ ಇನ್ನೂ ಎಂಟು ತಿಂಗಳು ಯಾರೂ ಏನೂ ಹೇಳಲಾರರು. ಅಲ್ಲಿಯವರೆಗೆ ತಿಂಗಳಿಗೆ ಇಂತಿಷ್ಟೇ ಎಂದು ಒಂದು ಸಣ್ಣ ಮೊತ್ತ ಕಟ್ಟಿಟ್ಟು ಪ್ರಯತ್ನಿಸಿ, ಅದು ಪೂರ್ತಿ ಹೋದರೂ ಇಲ್ಲಿನ ಸಂಬಳ ತಪ್ಪದಷ್ಟು ಇರಲಿ.